ಓನರ್ ಆಂಟಿ ಚೀಟಿಗೆ ಕರೆಯುತ್ತಿದ್ದಾರೆ, ಮನಸ್ತಾಪ ಆಗದಂತೆ ಬೇಡ ಅನ್ನುವುದು ಹೇಗೆ?

ಮಹಡಿಮನೆ
ನಾವು ಬಾಡಿಗೆಗೆ ಇರುವುದು ಮೊದಲನೇ ಮಹಡಿಯಲ್ಲಿ, ಓನರ್ ಮನೆಯವರು ಕೆಳಗೆ. ಓನರ್ ಆಂಟಿ ತುಂಬಾ ವರ್ಷದಿಂದ ಚೀಟಿ ನಡೆಸುತ್ತಾರೆ. ಮುಂದಿನ ತಿಂಗಳು ಹೊಸದು ಶುರು. ಒಂದು ಲಕ್ಷದ ಚೀಟಿ, 20 ಜನ, ತಿಂಗಳಿಗೆ 5 ಸಾವಿರ, ಕೂಗುವ ಚೀಟಿ. ಆಂಟಿಗೆ ಕಮಿಷನ್ ತಿಂಗಳಿಗೆ 5 ಸಾವಿರ. 19 ಜನ ಸೇರಿದ್ದಾರಂತೆ, ಒಬ್ಬರು ಬೇಕಂತೆ. "ನಿಂಗೇನು ಅರ್ಜೆಂಟ್ ಇಲ್ಲವಲ್ಲ, ಕೊನೇ ಚೀಟಿ ನೀನೇ ತಗೋ, ಒಳ್ಳೇ ಲಾಭ ಬರುತ್ತೆ" ಅಂತ ದಿನಾ ಗೇಟ್ ಹತ್ತಿರ ಹೇಳುತ್ತಾರೆ.

ನನಗೆ ಇಷ್ಟ ಇಲ್ಲ. ಆ 19 ಜನರಲ್ಲಿ ನನಗೆ ಗೊತ್ತಿರುವುದು ಪಕ್ಕದ ಮನೆಯವರೊಬ್ಬರೇ. ಯಜಮಾನರು "ನೇರ ಬೇಡ ಅಂದುಬಿಡು" ಅನ್ನುತ್ತಾರೆ. ಅವರಿಗೇನು, ಬೆಳಿಗ್ಗೆ ಹೋದರೆ ರಾತ್ರಿ ಬರುತ್ತಾರೆ, ಮುಖ ನೋಡಬೇಕಾದವಳು ನಾನು. ಅಡ್ವಾನ್ಸ್ ಬೇರೆ ಒಂದೂವರೆ ಲಕ್ಷ ಅವರ ಕೈಯಲ್ಲಿದೆ. ಹೇಗೆ ಹೇಳಲಿ? ಇನ್ನೊಂದು, ನನ್ನ ಭಯ ಸರಿಯಾ ಅಥವಾ ಸುಮ್ನೆ ಜಾಸ್ತಿ ಯೋಚಿಸುತ್ತಿದ್ದೇನಾ? ಅವರ ಚೀಟಿ ಒಂದು ಸಲವೂ ಮುಳುಗಿಲ್ಲ ಅಂತ ಎಲ್ಲರೂ ಹೇಳುತ್ತಾರೆ.

ಸುಮ್ನಿರಪ್ಪ
ದುಡ್ಡಿಲ್ಲ ಆಂಟಿ ಅನ್ನಿ. ಮುಗಿಯಿತು.

ಕೌಂಟರ್_4
ದಯವಿಟ್ಟು ಆ ಮಾತು ಹೇಳಬೇಡಿ. ದುಡ್ಡಿಲ್ಲ ಅಂದ ತಕ್ಷಣ "ಹಾಗಾದರೆ ಅರ್ಧ ಚೀಟಿ ಹಾಕು, ಎರಡೂವರೆ ಸಾವಿರ, ಇನ್ನರ್ಧ ಇನ್ನೊಬ್ಬರಿಗೆ ಸೇರಿಸುತ್ತೀನಿ" ಅನ್ನುತ್ತಾರೆ. ಅದಕ್ಕೂ ಇಲ್ಲ ಅಂದರೆ "ಮೊದಲ ತಿಂಗಳದು ನಾನೇ ಕಟ್ಟಿರ್ತೀನಿ, ಆಮೇಲೆ ಕೊಡು". ಚೀಟಿ ನಡೆಸುವವರಿಗೆ ದುಡ್ಡಿಲ್ಲ ಅನ್ನುವವರು ಹೊಸಬರಲ್ಲ, ಪ್ರತಿಯೊಂದಕ್ಕೂ ಉತ್ತರ ರೆಡಿ ಇರುತ್ತದೆ. ಮೇಲಾಗಿ ಮುಂದಿನ ತಿಂಗಳು ನೀವು ಒಂದು ಫ್ರಿಜ್ ತಂದರೆ ಅದನ್ನು ಮೆಟ್ಟಿಲು ಹತ್ತಿಸುವುದು ಅವರ ಕಣ್ಣೆದುರೇ.

ಸುಮ್ನಿರಪ್ಪ
ಫ್ರಿಜ್ ಇಎಂಐ ಅನ್ನಿ 😄

ಗಂಗಕ್ಕ
ಚೀಟಿ ಅಂದ ತಕ್ಷಣ ಮೋಸ ಅನ್ನುವ ಥರ ಮಾತಾಡಬೇಡಿ. ನಮ್ಮ ಸೈಟಿನ ರಿಜಿಸ್ಟ್ರೇಷನ್ ಖರ್ಚು ಬಂದಿದ್ದು ಚೀಟಿಯಿಂದ. ನಮ್ಮೆಜಮಾನರದ್ದು ಗಾರೆ ಕೆಲಸ. ಸಂಬಳದ ಸ್ಲಿಪ್ ಇಲ್ಲ ಅಂತ ಬ್ಯಾಂಕಿನಲ್ಲಿ ಒಳಗೇ ಬಿಡಲಿಲ್ಲ. ಚೀಟಿ ಅಕ್ಕ ಒಂದು ಮಾತು ಕೇಳದೆ ಕೊಟ್ಟರು. ಹಾಗಂತ ಒಂದು ಕಂತೂ ತಪ್ಪಿಸಿಲ್ಲ ನಾವು. ನಂಬಿಕೆ ಮೇಲೆ ನಡೆಯುವುದು ಇದು. ಓದಿದವರಿಗೆ ಇದು ಅರ್ಥ ಆಗುವುದಿಲ್ಲ ಬಿಡಿ.

ಲೆಕ್ಕದಮೇಷ್ಟ್ರು
ಗಂಗಕ್ಕನವರ ಮಾತು ನಿಜ, ಆದರೆ ಅವರು ಚೀಟಿ ಎತ್ತಿದವರು. ಇವರನ್ನು ಕರೆಯುತ್ತಿರುವುದು ಕೊನೆಯಲ್ಲಿ ತಗೊಳ್ಳುವುದಕ್ಕೆ. ಎರಡೂ ಒಂದೇ ಅಲ್ಲ. ಮೊದಲು ಎತ್ತಿದವರು ಸಾಲ ತಗೊಂಡವರು, ಕೊನೆಯವರು ಸಾಲ ಕೊಟ್ಟವರು. ಇವರನ್ನು ಕರೆಯುತ್ತಿರುವುದು ಸಾಲ ಕೊಡುವುದಕ್ಕೆ.

ಇದೇ ಚೀಟಿಯ ಲೆಕ್ಕ ಹಾಕೋಣ. ಮೊದಲ ತಿಂಗಳು ತುಂಬಾ ಅಗತ್ಯ ಇರುವವರು 30 ಸಾವಿರ ಬಿಟ್ಟು ಕೂಗಿ 70 ಸಾವಿರ ತಗೊಂಡರು ಅನ್ನಿ. ಬಿಟ್ಟ 30ರಲ್ಲಿ ಆಂಟಿಯ ಕಮಿಷನ್ 5 ಸಾವಿರ ಹೋಗಿ ಉಳಿದ 25 ಸಾವಿರ 20 ಜನಕ್ಕೆ ಹಂಚಿದರೆ ತಲೆಗೆ 1,250. ಅಂದರೆ ಆ ತಿಂಗಳು ನೀವು ಕಟ್ಟುವುದು 3,750. ತಿಂಗಳು ಕಳೆದಂತೆ ಕೂಗು ಇಳಿಯುತ್ತದೆ, ಕಟ್ಟುವ ಹಣ ಏರುತ್ತದೆ. ಕೊನೇ ತಿಂಗಳು ಕೂಗುವವರೇ ಇರುವುದಿಲ್ಲ, ಕಮಿಷನ್ ಮಾತ್ರ ಹಿಡಿದು ನಿಮಗೆ 95 ಸಾವಿರ ಕೊಡುತ್ತಾರೆ. ಕೂಗು ಹೀಗೆ ಸಮವಾಗಿ ಇಳಿದರೆ ನೀವು 20 ತಿಂಗಳಲ್ಲಿ ಕಟ್ಟಿದ್ದು ಒಟ್ಟು 87,500. ಲಾಭ 7,500.

ಅದೇ ಹಣವನ್ನು ಆರೂವರೆ ಪರ್ಸೆಂಟಿನ ಆರ್‌ಡಿಯಲ್ಲಿ ಕಟ್ಟುತ್ತಾ ಹೋಗಿದ್ದರೆ ಸುಮಾರು 4,700 ಬಡ್ಡಿ ಬರುತ್ತಿತ್ತು. ಆಂಟಿ ಹೇಳುವ "ಒಳ್ಳೇ ಲಾಭ" ಅಂದರೆ ಹೆಚ್ಚು ಕಡಿಮೆ ಮೂರು ಸಾವಿರ, ಅದೂ ಇಪ್ಪತ್ತು ತಿಂಗಳಿಗೆ. ಆ ಮೂರು ಸಾವಿರಕ್ಕೆ ನೀವು ಗುರುತಿಲ್ಲದ ಹದಿನೆಂಟು ಜನರಿಗೆ ಪತ್ರ ಇಲ್ಲದೆ ಸಾಲ ಕೊಡುತ್ತೀರಿ.

ಮಹಡಿಮನೆ
ಮೂರು ಸಾವಿರಾನಾ? ನಾನು ಇಪ್ಪತ್ತು ಮೂವತ್ತು ಸಾವಿರ ಅಂದುಕೊಂಡಿದ್ದೆ!

ಲೆಕ್ಕದಮೇಷ್ಟ್ರು
ಕೂಗು ಜೋರಾಗಿ ನಡೆದರೆ ಜಾಸ್ತಿ ಬರಬಹುದು. ಆದರೆ ಕೂಗು ಜೋರು ಅಂದರೆ ಏನರ್ಥ ಯೋಚಿಸಿ. 30 ಸಾವಿರ ಬಿಟ್ಟು ಎತ್ತಿದವರಿಗೆ ಬಿದ್ದ ಬಡ್ಡಿ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿಗೂ ಮೇಲೆ. ಅಷ್ಟು ಕೊಟ್ಟಾದರೂ ಎತ್ತುತ್ತಾರೆ ಅಂದರೆ ಅವರಿಗೆ ಬೇರೆ ಎಲ್ಲೂ ಸಾಲ ಹುಟ್ಟಿಲ್ಲ. ನಿಮ್ಮ ಲಾಭ ಜಾಸ್ತಿ ಆದಷ್ಟೂ ನೀವು ಸಾಲ ಕೊಡುತ್ತಿರುವವರ ಸ್ಥಿತಿ ಬಿಗಿಯಾಗಿದೆ ಅಂತ.

ಗಂಗಕ್ಕ
ಬಿಗಿಯಾಗಿದ್ದವರೆಲ್ಲ ಓಡಿಹೋಗುವುದಿಲ್ಲ ಮೇಷ್ಟ್ರೇ. ದುಡ್ಡಿರುವವರೇ ಓಡಿಹೋಗುವುದು.

ಲೆಕ್ಕದಮೇಷ್ಟ್ರು
ಒಪ್ಪಿದೆ ಅಕ್ಕ. ಎಲ್ಲರೂ ಓಡಬೇಕಾಗಿಲ್ಲ, ಇಬ್ಬರು ನಿಲ್ಲಿಸಿದರೂ ಸಾಕು. ಎತ್ತಿದವರಲ್ಲಿ ಒಬ್ಬರು ಕಂತು ನಿಲ್ಲಿಸಿದರೆ ತಿಂಗಳಿಗೆ ನಾಲ್ಕೈದು ಸಾವಿರ ಕಡಿಮೆ. ಆಂಟಿ ತಮ್ಮ ಕಮಿಷನ್ ಹಾಕಿ ತುಂಬಿಸುತ್ತಾರೆ, ಯಾರಿಗೂ ಗೊತ್ತೇ ಆಗುವುದಿಲ್ಲ. ಇನ್ನೊಬ್ಬರು ನಿಲ್ಲಿಸಿದರೆ ಮನೆ ದುಡ್ಡು ಹಾಕಬೇಕು. ಮೂರನೆಯವರೂ ಸೇರಿದರೆ? 15ನೇ ತಿಂಗಳು ನಿಂತುಹೋಯಿತು ಅನ್ನಿ, ಅಷ್ಟರಲ್ಲಿ ನೀವು 63 ಸಾವಿರ ಕಟ್ಟಿರುತ್ತೀರಿ. ಎತ್ತದೆ ಉಳಿದ ಐದು ಜನರದ್ದು ಸೇರಿ ಮೂರು ಲಕ್ಷಕ್ಕೂ ಜಾಸ್ತಿ. ಎತ್ತಿದ ಹದಿನೈದು ಜನಕ್ಕೆ ಒಂದು ಪೈಸೆ ನಷ್ಟ ಇಲ್ಲ, "ಚೀಟಿನೇ ನಿಂತಿದೆ, ನಾವ್ಯಾಕೆ ಕಟ್ಟಬೇಕು" ಅಂತ ಅವರೂ ಕೈ ಎತ್ತುತ್ತಾರೆ.

ಹಾಗಾಗಿ "ಒಂದು ಸಲವೂ ಮುಳುಗಿಲ್ಲ" ಅನ್ನುವುದು ನನಗೆ ಅರ್ಧ ಮಾಹಿತಿ. ಎಷ್ಟು ಸಲ ಆಂಟಿ ಕೈಯಿಂದ ಹಾಕಿ ಉಳಿಸಿದ್ದಾರೆ ಅನ್ನುವುದು ಅವರಿಗೊಬ್ಬರಿಗೇ ಗೊತ್ತು.

ಸಿಟಿಬಸ್
ಲೀಗಲ್ ವಿಷಯ ಹೇಳುತ್ತೀನಿ. ಮೂರು ಲಕ್ಷದವರೆಗಿನ ಚೀಟಿಗೆ ರಿಜಿಸ್ಟ್ರೇಷನ್ ಬೇಡ, 2019ರಲ್ಲಿ ಕಾನೂನು ಬದಲಾಗಿದೆ. ಆಂಟಿ ಚೀಟಿ ಒಂದು ಲಕ್ಷದ್ದು, ಪೂರ್ತಿ ಕಾನೂನುಬದ್ಧ. ಕಮಿಷನ್ ಕೂಡ 5 ಪರ್ಸೆಂಟೇ ಇದೆ, 7ರವರೆಗೂ ತಗೊಳ್ಳಬಹುದು. ಹೆದರಬೇಡಿ.

ನಿವೃತ್ತ_ಸೂಪರಿಂಟೆಂಡೆಂಟ್
ಸಿಟಿಬಸ್ ಅವರೇ, ಕಮಿಷನ್ ವಿಷಯ ಸರಿ, 2019ರ ತಿದ್ದುಪಡಿಯಲ್ಲಿ 5ರಿಂದ 7 ಪರ್ಸೆಂಟ್ ಆಯಿತು. ಮೂರು ಲಕ್ಷದ ವಿಷಯ ಉಲ್ಟಾ ತಿಳಿದಿದ್ದೀರಿ. ಒಬ್ಬ ವ್ಯಕ್ತಿ ನಡೆಸಬಹುದಾದ ಚೀಟಿಗೆ ಅದು ಮೇಲಿನ ಮಿತಿ. ಮೊದಲು ಒಂದು ಲಕ್ಷ ಇತ್ತು, ಮೂರು ಮಾಡಿದರು. ಅದರ ಕೆಳಗಿದ್ದರೆ ರಿಜಿಸ್ಟ್ರೇಷನ್ ಬೇಡ ಅಂತ ಎಲ್ಲೂ ಇಲ್ಲ. ವಿನಾಯಿತಿ ಇದ್ದದ್ದು 100 ರೂಪಾಯಿ ಒಳಗಿನ ಚೀಟಿಗೆ. ಆ ಅಂಕಿಯನ್ನು ರಾಜ್ಯ ಸರ್ಕಾರವೇ ಗೊತ್ತುಮಾಡಲಿ ಅಂತ ಅದೇ ತಿದ್ದುಪಡಿಯಲ್ಲಿ ಬಿಟ್ಟರು.

1982ರ ಚಿಟ್ ಫಂಡ್ ಕಾಯ್ದೆ ಪ್ರಕಾರ ಚೀಟಿ ಶುರು ಮಾಡುವ ಮೊದಲು ಅನುಮತಿ ಬೇಕು. ಚೀಟಿಯ ಪೂರ್ತಿ ಮೊತ್ತಕ್ಕೆ ನಡೆಸುವವರು ಭದ್ರತೆ ಇಡಬೇಕು. ಈ ಆಂಟಿ ಒಂದು ಲಕ್ಷವನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟು ರಿಜಿಸ್ಟ್ರಾರ್ ಹೆಸರಿಗೆ ಒಪ್ಪಿಸಿದ್ದಾರಾ? ಮನೆಮನೆ ಚೀಟಿ ನಡೆಸುವವರು ಇಡುವುದೇ ಇಲ್ಲ. ನೋಂದಣಿ ಆದ ಚೀಟಿಯಲ್ಲಿ ಜಗಳ ಬಂದರೆ ರಿಜಿಸ್ಟ್ರಾರ್ ಮುಂದೆ ಹೋಗಬಹುದು. ಇಲ್ಲಿ ಜಗಳ ಬಂದರೆ ಇವರು ಹೋಗಬೇಕಾದದ್ದು ಪೊಲೀಸ್ ಸ್ಟೇಷನ್ನಿಗೆ. ಅದೂ ತಮ್ಮ ಮನೆ ಓನರ್ ಮೇಲೆ ದೂರು ಹಿಡಿದುಕೊಂಡು.

ಸಿಟಿಬಸ್
ಓಹೋ. ನಮ್ಮ ಆಫೀಸಿನಲ್ಲಿ ಎಲ್ಲರೂ ಹೀಗೇ ಹೇಳುತ್ತಿದ್ದರು ಸರ್. ಆದರೂ ಊರಿಗೆ ಊರೇ ಹೀಗೆ ನಡೆಸುತ್ತದೆ, ಯಾರನ್ನು ಹಿಡಿದಿದ್ದಾರೆ ಹೇಳಿ?

ನಿವೃತ್ತ_ಸೂಪರಿಂಟೆಂಡೆಂಟ್
ಮುಳುಗಿದ ಮೇಲೆ ಹಿಡಿಯುತ್ತಾರೆ. ಹಿಡಿದರೆ ನಿಮ್ಮ ಹಣ ಬರುತ್ತದೆ ಅಂತಲ್ಲ.

ಬಂಗಾರದಗಿಣಿ
ನನ್ನದೂ ಇದೇ ಸಮಸ್ಯೆ. ಒಡವೆ ಅಂಗಡಿಯಲ್ಲಿ 11 ತಿಂಗಳು ಕಟ್ಟುವ ಸ್ಕೀಮ್ ಹಾಕಿದ್ದೇನೆ, ಎರಡು ಕಂತು ಬಾಕಿ. ಈಗ ಬೇಡ ಅಂದರೆ ಕಟ್ಟಿದ ದುಡ್ಡು ನಗದಾಗಿ ವಾಪಸ್ ಕೊಡುತ್ತಾರಾ?

ಕೌಂಟರ್_4
ಅಕ್ಕಾ ಅದು ಚೀಟಿ ಅಲ್ಲ. ಕಾರ್ಡಿನ ಹಿಂದೆ ಷರತ್ತು ಇರುತ್ತದೆ ನೋಡಿ, ಎರಡೇ ಕಂತು ಬಾಕಿ ಅಂದರೆ ಮುಗಿಸಿ ಒಡವೆ ತಗೊಳ್ಳುವುದೇ ವಾಸಿ ಅನ್ನಿಸುತ್ತದೆ. ಬೇರೆ ಪ್ರಶ್ನೆ ಹಾಕಿ, ಇಲ್ಲಿ ಕಳೆದುಹೋಗುತ್ತದೆ.

ಬಂಗಾರದಗಿಣಿ
ಸರಿ ಅಣ್ಣ. ಚೀಟಿನೂ ಒಂದು ಇದೆ ನನ್ನದು, ಅದನ್ನು ಕೇಳುವುದೇ ಬೇಡ ಬಿಡಿ.

ಮೂಲೆಮನೆ_ಸಾವಿತ್ರಿ
ನಮ್ಮ ಬೀದಿಯಲ್ಲಿ ಒಂದು ಮುಳುಗಿದ್ದನ್ನು ಹತ್ತಿರದಿಂದ ನೋಡಿದ್ದೇನೆ. ನಾವು ಅದರಲ್ಲಿ ಇರಲಿಲ್ಲ, ನಮ್ಮ ನಾದಿನಿ ಇದ್ದರು. ನಡೆಸುತ್ತಿದ್ದಾಕೆ ಮೋಸಗಾತಿ ಅಲ್ಲ, ಅದನ್ನು ಮೊದಲೇ ಹೇಳುತ್ತೇನೆ. ದೇವರಂಥ ಹೆಂಗಸು, ಯಾರ ಮನೆಯಲ್ಲಿ ಕಷ್ಟ ಅಂದರೂ ಮೊದಲು ಓಡುತ್ತಿದ್ದವರು ಅವರೇ. ಆ ಸ್ವಭಾವವೇ ಅವರಿಗೆ ಮುಳುವಾಯಿತು, ಕಂತು ಕಟ್ಟದವರನ್ನು ಗಟ್ಟಿಯಾಗಿ ಕೇಳುವುದಕ್ಕೆ ಬಾಯಿ ಬರುತ್ತಿರಲಿಲ್ಲ.

ಮೊದಲು ಬದಲಾಗಿದ್ದು ದುಡ್ಡು ಕೊಡುವ ದಿನ. ಭಾನುವಾರ ಕೂಗಿದರೆ ಸೋಮವಾರ ಕೈಗೆ ಕೊಡುತ್ತಿದ್ದವರು "ಶುಕ್ರವಾರ ಬಾಮ್ಮ" ಅನ್ನತೊಡಗಿದರು. ಆಮೇಲೆ ಒಂದು ಚೀಟಿ ಇದ್ದದ್ದು ಮೂರಾಯಿತು. ಬೀದಿಯವರೆಲ್ಲ ಅಬ್ಬಾ ಎಷ್ಟು ಚೆನ್ನಾಗಿ ಬೆಳೀತಿದ್ದಾರೆ ಅಂದುಕೊಂಡರು. ಆದದ್ದೇನು ಅಂದರೆ ಹಳೇ ಚೀಟಿಯ ತೂತು ಮುಚ್ಚುವುದಕ್ಕೆ ಹೊಸ ಚೀಟಿಯ ಮೊದಲ ತಿಂಗಳ ಹಣ. ಕೊನೆಗೆ, ನಮ್ಮ ನಾದಿನಿ ಚೀಟಿ ಎತ್ತಿದಾಗ, "ಈ ದುಡ್ಡು ನನ್ನ ಹತ್ರಾನೇ ಇರಲಿ, ನೂರಕ್ಕೆ ಎರಡು ರೂಪಾಯಿ ಬಡ್ಡಿ ಕೊಡ್ತೀನಿ" ಅಂದರು. ನಾದಿನಿಗೆ ಖುಷಿ. ನಾಲ್ಕೈದು ತಿಂಗಳು ಬಡ್ಡಿ ಬಂತು, ಆಮೇಲೆ ಅದೂ ಇಲ್ಲ. ಲೆಕ್ಕ ಇದ್ದದ್ದು ಒಂದು ನೂರು ಪುಟದ ನೋಟ್ ಪುಸ್ತಕದಲ್ಲಿ. ನಾದಿನಿ ಎತ್ತಿದ್ದಾರೆ ಅಂತ ಅದರಲ್ಲಿ ಸಹಿ ಇತ್ತು, ಹಣ ವಾಪಸ್ ಇಟ್ಟಿದ್ದಾರೆ ಅನ್ನುವುದಕ್ಕೆ ಏನೂ ಇರಲಿಲ್ಲ. ಇವತ್ತಿಗೂ ಆಕೆ ಎದುರು ಸಿಕ್ಕರೆ ಇಬ್ಬರೂ ತಲೆ ತಗ್ಗಿಸಿ ಹೋಗುತ್ತಾರೆ.

ಗಂಗಕ್ಕ
ಎತ್ತಿದ ದುಡ್ಡು ವಾಪಸ್ ಅವರ ಹತ್ತಿರವೇ ಯಾಕೆ ಇಡಬೇಕಿತ್ತು? ಅದು ದುರಾಸೆ. ಚೀಟಿ ತಪ್ಪಲ್ಲ.

ಮೂಲೆಮನೆ_ಸಾವಿತ್ರಿ
ಇರಬಹುದು ಗಂಗಕ್ಕ. ಆದರೆ ಬೇಡ ಅನ್ನುವುದಕ್ಕೆ ಆ ಹೊತ್ತಿನಲ್ಲಿ ಅವರಿಗೂ ನಾಲಿಗೆ ಏಳಲಿಲ್ಲ, ಇವರ ಹಾಗೇ. ದುಡ್ಡು ಆಕೆಯ ಕೈಯಲ್ಲೇ ಇತ್ತು, ಎಣಿಸಿ ಕೊಟ್ಟರೆ ತಾನೇ ಇಸಿದುಕೊಳ್ಳುವುದು?

ಪಡಸಾಲೆ
ಚೀಟಿ ಒಳ್ಳೆಯದಾ ಕೆಟ್ಟದ್ದಾ ಅಂತ ಇವರು ಕೇಳಿಲ್ಲ, ಬೇಡ ಅನ್ನುವುದು ಹೇಗೆ ಅಂತ ಕೇಳಿದ್ದಾರೆ. ನಾನು ಇದೇ ಥರದ ಓನರ್ ಮನೆಗಳಲ್ಲಿ ಇದ್ದು ಬಂದವಳು, ನನಗೆ ತಿಳಿದಿದ್ದು ಹೇಳುತ್ತೇನೆ.

ಆಂಟಿಗೆ ಪ್ರಶ್ನೆ ಕೇಳಬೇಡಿ. ಯಾರ್ಯಾರಿದ್ದಾರೆ, ರಿಜಿಸ್ಟರ್ ಆಗಿದೆಯಾ, ಯಾರಾದರೂ ಕಟ್ಟದಿದ್ದರೆ ಏನು ಮಾಡುತ್ತೀರಿ, ಇವೆಲ್ಲ ಸೇರಬೇಕು ಅನ್ನುವವರು ಕೇಳುವ ಪ್ರಶ್ನೆ. ನೀವು ಕೇಳಿದರೆ ಅವರು ಎಲ್ಲದಕ್ಕೂ ಉತ್ತರ ಕೊಡುತ್ತಾರೆ, ಪುಸ್ತಕ ತಂದು ತೋರಿಸುತ್ತಾರೆ. ಆಮೇಲೂ ನೀವು ಬೇಡ ಅಂದರೆ "ನನ್ನ ಮೇಲೆ ನಂಬಿಕೆ ಇಲ್ಲ" ಅಂತಲೇ ಅವರಿಗೆ ಅನ್ನಿಸುವುದು. ಪ್ರಶ್ನೆಯೇ ಇಲ್ಲದಿದ್ದರೆ ಅನುಮಾನದ ಮಾತೂ ಬರುವುದಿಲ್ಲ.

ಹೇಳಬೇಕಾದ್ದು ಇಷ್ಟೇ. "ಆಂಟಿ, ನಾವು ಚೀಟಿ ಹಾಕುವುದಿಲ್ಲ, ಯಾರದ್ದೂ ಹಾಕುವುದಿಲ್ಲ. ಮದುವೆಯಾದಾಗಲೇ ಇಬ್ಬರೂ ಮಾತಾಡಿಕೊಂಡಿದ್ದೀವಿ." ಯಾರದ್ದೂ ಅನ್ನುವ ಮಾತು ಬಿಡಬೇಡಿ. ಅದರಿಂದ ನಿಮ್ಮ ಬೇಡ ಅವರೊಬ್ಬರಿಗೆ ಹೇಳಿದ ಹಾಗೆ ಆಗುವುದಿಲ್ಲ. ಮತ್ತೆ ಕೇಳಿದರೆ ಮತ್ತೆ ಅದೇ ಮಾತು, ಹೊಸ ಕಾರಣ ಸೇರಿಸಬೇಡಿ. ಗೇಟ್ ಹತ್ತಿರ ನಾಲ್ಕು ಜನ ಇದ್ದಾಗ ಹೇಳಬೇಡಿ. ಮನೆಗೆ ಹೋಗಿ, ಒಬ್ಬರೇ ಇದ್ದಾಗ, ನಿಂತುಕೊಂಡೇ ಹೇಳಿ ಬನ್ನಿ. ಕೂತರೆ ಕಾಫಿ ಬರುತ್ತದೆ, ಕಾಫಿ ಜೊತೆ ಚೀಟಿ ಪುಸ್ತಕವೂ ಬರುತ್ತದೆ.

ಇನ್ನೊಂದು, ಬೇಗ ಹೇಳಿ. ಅವರಿಗೆ ಇಪ್ಪತ್ತನೆಯವರನ್ನು ಹುಡುಕಬೇಕು. ಶುರುವಾಗುವ ಹಿಂದಿನ ದಿನ ಬೇಡ ಅಂದರೆ ಅವರ ಕೋಪಕ್ಕೆ ನ್ಯಾಯ ಇರುತ್ತದೆ.

ಸುಮ್ನಿರಪ್ಪ
ಯಜಮಾನರ ಮೇಲೆ ಹಾಕಿ. "ಅವರು ಬೇಡ ಅಂದರು ಆಂಟಿ." ಸುಲಭ.

ಪಡಸಾಲೆ
ಹಾಕಿದರೆ "ಗಂಡನಿಗೆ ಯಾಕೆ ಹೇಳ್ತೀಯಾ, ಮನೆ ಖರ್ಚಲ್ಲಿ ಉಳಿಸಿ ಕಟ್ಟು, ನಾವೆಲ್ಲ ಹಾಗೇ ಮಾಡಿದ್ದು" ಅನ್ನುತ್ತಾರೆ. ನೂರಕ್ಕೆ ನೂರು. ಅದಕ್ಕೇ "ಇಬ್ಬರೂ" ಅಂತ ಬರೆದಿದ್ದು.

ಗಂಗಕ್ಕ
ಹಾಗೆ ಉಳಿಸಿದ್ದೇ ನಮ್ಮ ಮನೆ ನಿಂತಿರುವುದು. ಗಂಡನಿಗೆ ಗೊತ್ತಿಲ್ಲದ ಚೀಟಿ ಇಲ್ಲದಿದ್ದರೆ ಎಷ್ಟೋ ಹೆಂಗಸರ ಕೈಯಲ್ಲಿ ಒಂದು ರೂಪಾಯಿ ಇರುತ್ತಿರಲಿಲ್ಲ, ಅದನ್ನೂ ಬರೆದುಕೊಳ್ಳಿ.

ಪಡಸಾಲೆ
ಅದು ನಿಜವೇ ಅಕ್ಕ, ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ತಿಂಡಿಪೋತ_ಮೈಸೂರು
ಚೀಟಿನೇ ಹಾಕಬೇಕು ಅನ್ನುವವರು ಎಂಎಸ್‌ಐಎಲ್‌ನಲ್ಲಿ ಹಾಕಿ. ಸರ್ಕಾರದ್ದು. ನಾನು ಹಾಕಿದ್ದೇನೆ. ಎತ್ತುವಾಗ ಜಾಮೀನು ಕೊಡುವುದಕ್ಕೆ ಓಡಾಡಿ ಚಪ್ಪಲಿ ಸವೆಯಿತು, ಅದೊಂದೇ ಬೇಜಾರು.

ಲೆಕ್ಕದಮೇಷ್ಟ್ರು
ನಿಮ್ಮ ಚಪ್ಪಲಿ ಸವೆದದ್ದಕ್ಕೇ ಕೊನೆಯವರ ದುಡ್ಡು ಉಳಿದಿದ್ದು 🙂 ಎತ್ತಿದವರು ಆಮೇಲೆ ಕಟ್ಟುತ್ತಾರಾ ಅನ್ನುವುದಕ್ಕೇ ಆ ಜಾಮೀನು. ಗಂಗಕ್ಕನ ಚೀಟಿ ಅಕ್ಕ ಒಂದು ಮಾತು ಕೇಳದೆ ಕೊಟ್ಟರಲ್ಲ, ಗಂಗಕ್ಕನಿಗೆ ಅದು ಉಪಕಾರ. ಅದೇ ಚೀಟಿಯ ಕೊನೆಯವರ ಹಣಕ್ಕೆ ಮಾತ್ರ ಯಾವ ಆಧಾರವೂ ಇರಲಿಲ್ಲ.

ಮಹಡಿಮನೆ
ಎಲ್ಲರಿಗೂ ಥ್ಯಾಂಕ್ಸ್. ಪಡಸಾಲೆ ಅಕ್ಕ ಹೇಳಿದ ಹಾಗೇ ಹೋಗಿ ಹೇಳಿದೆ. ನಿಂತುಕೊಂಡೇ. ಕೋಪ ಮಾಡಿಕೊಳ್ಳಲಿಲ್ಲ, "ಸರಿ ಬಿಡಮ್ಮ, ನಿಮ್ಮಿಷ್ಟ" ಅಂದರು. ಮುಖ ಸ್ವಲ್ಪ ಸಣ್ಣದಾಯಿತು. ವಾಪಸ್ ಮೆಟ್ಟಿಲು ಹತ್ತುವಾಗ ಕರೆದು, "ಹಾಗಾದರೆ ಒಂದು ಕೆಲಸ ಮಾಡು, ನಿನ್ನ ಹೆಸರು ಮಾತ್ರ ಬರೆದುಕೊಳ್ತೀನಿ, ದುಡ್ಡು ನಾನೇ ಕಟ್ಟುತ್ತೀನಿ, 20 ಜನ ಆಗಬೇಕಷ್ಟೆ" ಅಂದರು. ಯೋಚಿಸಿ ಹೇಳುತ್ತೇನೆ ಅಂದೆ. ದುಡ್ಡು ನಂದಲ್ಲವಲ್ಲ, ಹೆಸರು ಕೊಟ್ಟರೆ ಏನಾಗುತ್ತದೆ? ಇದಕ್ಕಾದರೂ ಹೂಂ ಅಂದರೆ ಅವರಿಗೂ ಸಮಾಧಾನ ಅಲ್ವಾ?

ಕೌಂಟರ್_4
ಬೇಡ ಬೇಡ ಬೇಡ.

ನಿವೃತ್ತ_ಸೂಪರಿಂಟೆಂಡೆಂಟ್
ತಂಗೀ, ದುಡ್ಡು ಹಾಕುವುದಕ್ಕಿಂತ ಇದು ಅಪಾಯ. ದುಡ್ಡು ಹಾಕಿದ್ದರೆ ಕಟ್ಟಿದಷ್ಟು ಹೋಗುತ್ತಿತ್ತು. ಹೆಸರು ಕೊಟ್ಟರೆ ಏನೂ ಕಟ್ಟದೆ ಸಾಲಗಾರರಾಗಬಹುದು.

ನಿಮ್ಮ ಹೆಸರಿನ ಚೀಟಿ ಅಂದರೆ ಅದನ್ನು ಕೂಗುವವರು ಆಂಟಿ. ಮೂರನೇ ತಿಂಗಳೇ ನಿಮ್ಮ ಹೆಸರಿನಲ್ಲಿ ಎತ್ತಿ ಹಣ ಅವರೇ ಇಟ್ಟುಕೊಳ್ಳಬಹುದು. ಪುಸ್ತಕದಲ್ಲಿ "ಮಹಡಿ ಮನೆಯವರು ಎತ್ತಿದ್ದಾರೆ" ಅಂತ ಇರುತ್ತದೆ, ಉಳಿದವರೆಲ್ಲ ಅದನ್ನೇ ನಂಬುತ್ತಾರೆ. ಅವರು ಕಟ್ಟುವುದನ್ನು ನಿಲ್ಲಿಸಿದ ದಿನ ಉಳಿದವರು ಬರುವುದು ನಿಮ್ಮ ಬಾಗಿಲಿಗೆ. ಕೆಲವರು ಎತ್ತಿದವರಿಂದ ಸಹಿ ಮಾಡಿದ ಖಾಲಿ ಚೆಕ್ ತಗೊಳ್ಳುತ್ತಾರೆ. ಲೆಕ್ಕ ಸರಿ ಕಾಣಲಿ ಅಂತ ನಿಮ್ಮಿಂದಲೂ ಒಂದು ಕೇಳಿದರೆ ಕಥೆ ಮುಗಿಯಿತು. ಚೆಕ್ ಬೌನ್ಸ್ ಕೇಸಿನಲ್ಲಿ ಸಹಿ ನಿಮ್ಮದೇ ಅಂತಾದರೆ ಸಾಲ ಇರಲಿಲ್ಲ ಅಂತ ತೋರಿಸುವ ಹೊಣೆ ನಿಮ್ಮ ಮೇಲೇ ಬರುತ್ತದೆ.

ಲೆಕ್ಕದಮೇಷ್ಟ್ರು
ಇದರಲ್ಲಿ ಇನ್ನೊಂದು ಗಮನಿಸಿ. ನಿಮ್ಮನ್ನು ಕೇಳಿದ ಹಾಗೆ ಬೇರೆಯವರನ್ನೂ ಕೇಳಿರಬಹುದು. ಆ 19 ಹೆಸರಿನಲ್ಲಿ ಎಷ್ಟು ನಿಜವಾಗಿ ಕಟ್ಟುವ ಜನ, ಎಷ್ಟು ಬರೀ ಹೆಸರು? ಬರೀ ಹೆಸರಿರುವ ಪ್ರತಿಯೊಂದು ಜಾಗಕ್ಕೂ ಆಂಟಿಯೇ ತಿಂಗಳಿಗೆ ನಾಲ್ಕೈದು ಸಾವಿರ ಕಟ್ಟಬೇಕು. ಅಂಥ ಎರಡು ಜಾಗ ಇದ್ದರೆ ಅವರ ಕಮಿಷನ್ ಶುರುವಾಗುವ ಮೊದಲೇ ಮುಗಿದಿದೆ.

ಗಂಗಕ್ಕ
ಹೆಸರು ಕೊಡಬೇಡ ತಾಯಿ. ಇದರಲ್ಲಿ ನಾನೂ ಇವರ ಕಡೆ. ನಮ್ಮ ಚೀಟಿ ಅಕ್ಕ ಜನ ಸಾಲದಿದ್ದರೆ ಚೀಟಿನೇ ಶುರು ಮಾಡುತ್ತಿರಲಿಲ್ಲ. ಹದಿನಾರು ಜನ ಇದ್ದರೆ ಹದಿನಾರು ತಿಂಗಳದ್ದು ಮಾಡುತ್ತಿದ್ದರು. ಇಪ್ಪತ್ತೇ ಆಗಬೇಕು ಅಂತ ಹಟ ಯಾಕೆ?

ಸಿಟಿಬಸ್
ಗಂಗಕ್ಕ ಇವತ್ತು ಲಾಯರ್ ಪಾಯಿಂಟ್ ಹಾಕಿದರು.

ಮಹಡಿಮನೆ
ಅಯ್ಯೋ, ಪಕ್ಕದ ಮನೆಯವರನ್ನು ಕೇಳಿದೆ. ಅವರ ಹೆಸರಿನಲ್ಲಿ ಎರಡು ಚೀಟಿ ಇದೆಯಂತೆ. ಒಂದು ಅವರದ್ದು, ಇನ್ನೊಂದು "ಆಂಟಿ ಸುಮ್ನೆ ಬರೆದುಕೊಂಡಿದ್ದಾರೆ" ಅಂತ ನಗುತ್ತಾ ಹೇಳಿದರು. ನನಗೆ ನಗು ಬರಲಿಲ್ಲ.

ಮೂಲೆಮನೆ_ಸಾವಿತ್ರಿ
ಪಕ್ಕದ ಮನೆಯವರಿಗೆ ಹೇಳಿ, ಮುಂದಿನ ಭಾನುವಾರವೇ ಆ ಹೆಸರು ತೆಗೆಸಲಿ. ಬಾಯಲ್ಲಿ ಹೇಳಿದರೆ ಸಾಲದು, ಪುಸ್ತಕದಲ್ಲಿ ಹೊಡೆದುಹಾಕಿದ್ದನ್ನು ಕಣ್ಣಿಂದ ನೋಡಬೇಕು. ಒಂದು ಫೋಟೋ ತೆಗೆದುಕೊಂಡರೆ ಇನ್ನೂ ಒಳ್ಳೆಯದು.

ಪಡಸಾಲೆ
ಹೆಸರಿನ ವಿಷಯಕ್ಕೆ "ಯೋಚಿಸಿ ಹೇಳುತ್ತೇನೆ" ಅಂದಿದ್ದೀರಲ್ಲ, ಅದನ್ನು ಇವತ್ತೇ ಮುಚ್ಚಿ. ನೀವು ಸುಮ್ಮನಿದ್ದರೆ ಅವರು ಒಪ್ಪಿಗೆ ಅಂತ ಬರೆದುಕೊಂಡುಬಿಡುತ್ತಾರೆ. ಹೇಳುವುದು ಬಾಯಲ್ಲೇ ಹೇಳಿ, ಆಮೇಲೆ ವಾಟ್ಸಾಪ್‌ನಲ್ಲೂ ಒಂದು ಸಾಲು ಹಾಕಿ. "ಆಂಟಿ, ಚೀಟಿಯಲ್ಲಿ ನನ್ನ ಹೆಸರೂ ಬೇಡ ಅಂದೆನಲ್ಲ, ಬೇರೆಯವರನ್ನು ನೋಡಿಕೊಳ್ಳಿ, ಬೇಜಾರು ಮಾಡಿಕೊಳ್ಳಬೇಡಿ." ಇಷ್ಟು ಸಾಕು. ನೋಡಿದವರಿಗೆ ಜಗಳದ ಹಾಗೂ ಕಾಣುವುದಿಲ್ಲ, ನಾಳೆ ಬೇಕಾದರೆ ನಿಮ್ಮ ಹತ್ತಿರ ಒಂದು ಬರಹವೂ ಇರುತ್ತದೆ.

ಕೌಂಟರ್_4
ಅಡ್ವಾನ್ಸ್ ಬಗ್ಗೆ ಯಾರೂ ಮಾತಾಡಲಿಲ್ಲ. ನಿಮ್ಮ ಒಂದೂವರೆ ಲಕ್ಷ ಈಗಾಗಲೇ ಆ ಮನೆಯಲ್ಲಿದೆ. ಆಂಟಿಗೆ ಚೀಟಿಯಲ್ಲಿ ಕೈ ಕಚ್ಚಿದರೆ ಮೊದಲು ಖಾಲಿ ಆಗುವುದು ಮನೆಯಲ್ಲಿರುವ ದುಡ್ಡು, ನಿಮ್ಮ ಅಡ್ವಾನ್ಸೂ ಅದರಲ್ಲೇ ಇದೆ. ಚೀಟಿಗೆ ಸೇರದಿದ್ದರೂ ನೀವು ಆ ಚೀಟಿಯಿಂದ ಪೂರ್ತಿ ಹೊರಗಿಲ್ಲ. ಬಾಡಿಗೆ ಕರಾರು ಇದೆಯಾ? ಅದರಲ್ಲಿ ಅಡ್ವಾನ್ಸ್ ಮೊತ್ತ ಬರೆದಿದೆಯಾ? ಕೊಟ್ಟಿದ್ದು ಬ್ಯಾಂಕ್ ಮೂಲಕವಾ, ಕೈಯಲ್ಲಾ?

ಮಹಡಿಮನೆ
50 ಬ್ಯಾಂಕ್ ಮೂಲಕ, ಒಂದು ಲಕ್ಷ ಕೈಯಲ್ಲಿ. ಕರಾರು ಪತ್ರ 11 ತಿಂಗಳದ್ದು, ಅವಧಿ ಮುಗಿದು ಸುಮಾರು ದಿನ ಆಯಿತು, ಹೊಸದು ಮಾಡಿಸಿಲ್ಲ. ಹಳೆಯದರಲ್ಲಿ ಒಂದೂವರೆ ಅಂತ ಬರೆದಿದೆ.

ನಿವೃತ್ತ_ಸೂಪರಿಂಟೆಂಡೆಂಟ್
ಹಳೆಯದನ್ನು ಜೋಪಾನವಾಗಿ ಇಡಿ. ಹೊಸದು ಮಾಡಿಸಿ, ಅದೇ ಮೊತ್ತ ಬರೆಸಿ. ಕರಾರು ಮುಗಿದಿದೆ ಅನ್ನುವುದೇ ಕಾರಣ ಸಾಕು, ಚೀಟಿಯ ಮಾತು ಎತ್ತುವುದೇ ಬೇಡ. ಮಾತಾಡುವುದು ಓನರ್ ಹತ್ತಿರ ಇರಲಿ, ಆಂಟಿ ಹತ್ತಿರ ಅಲ್ಲ.

ಸುಮ್ನಿರಪ್ಪ
ಅಥವಾ ಬಾಡಿಗೆ ಕೊಡುವುದನ್ನು ನಿಲ್ಲಿಸಿ ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳಿ ಅನ್ನಿ 😄

ಲೆಕ್ಕದಮೇಷ್ಟ್ರು
ಅದನ್ನು ಹೇಳಿದ ದಿನವೇ ಮನೆ ಖಾಲಿ ಮಾಡಿ ಅನ್ನುತ್ತಾರೆ. ನೀವು ಸುಮ್ನಿರಪ್ಪ.

ಬಂಗಾರದಗಿಣಿ
ಇದನ್ನೆಲ್ಲ ಓದಿ ನನ್ನ ಚೀಟಿ ಪುಸ್ತಕ ತೆಗೆದು ನೋಡಿದೆ. ಹನ್ನೊಂದು ಕಂತು ಕಟ್ಟಿದ್ದೇನೆ, ಒಂದಕ್ಕೂ ಸಹಿ ಇಲ್ಲ, ಬರೀ ಟಿಕ್ ಮಾರ್ಕ್ ಹಾಕಿದ್ದಾರೆ. ನಾನಿನ್ನೂ ಎತ್ತಿಲ್ಲ. ಮಧ್ಯದಲ್ಲಿ ಬಿಡಬಹುದಾ? ಈ ತಿಂಗಳೇ ಕೂಗಿ ಎತ್ತಿಬಿಡಲಾ?

ಲೆಕ್ಕದಮೇಷ್ಟ್ರು
ಬಿಟ್ಟರೆ ಕಟ್ಟಿದ್ದು ಯಾವಾಗ ಬರುತ್ತದೆ ಅನ್ನುವುದು ನಡೆಸುವವರ ಮರ್ಜಿ, ಸಾಮಾನ್ಯವಾಗಿ ಚೀಟಿ ಮುಗಿದ ಮೇಲೆ ಅನ್ನುತ್ತಾರೆ. ಎತ್ತಿದರೆ ಹಣ ನಿಮ್ಮ ಕೈಗೆ ಬರುತ್ತದೆ, ಆದರೆ ಸ್ವಲ್ಪ ಬಿಟ್ಟುಕೊಡಬೇಕು, ಉಳಿದ ಕಂತು ತಪ್ಪದೆ ಕಟ್ಟಬೇಕು. ನಾನಾಗಿದ್ದರೆ ಎತ್ತುತ್ತಿದ್ದೆ.

ಗಂಗಕ್ಕ
ಎಲ್ಲರೂ ಹೀಗೇ ಹೆದರಿ ಒಂದೇ ಸಲ ಎತ್ತುವುದಕ್ಕೆ ನಿಂತರೆ ಚೆನ್ನಾಗಿರುವ ಚೀಟಿಯೂ ಬೀಳುತ್ತದೆ ಮೇಷ್ಟ್ರೇ.

ಲೆಕ್ಕದಮೇಷ್ಟ್ರು
ಒಂದು ತಿಂಗಳಿಗೆ ಒಬ್ಬರೇ ತಾನೇ ಎತ್ತುವುದು ಅಕ್ಕ. ಕೂಗು ಏರುತ್ತದೆ ಅಷ್ಟೆ.

ಗಂಗಕ್ಕ
ಕೂಗು ಏರಿದರೆ ಬಡವರಿಗೆ ತಾನೇ ಹೊಡೆತ.

ಮಹಡಿಮನೆ
ವಾಟ್ಸಾಪ್ ಹಾಕಿದೆ. ಎರಡು ನೀಲಿ ಗೆರೆ ಬಂದಿದೆ, ಉತ್ತರ ಇಲ್ಲ. ಪಕ್ಕದ ಮನೆಯವರು ಹೆಸರು ತೆಗೆಸುವುದಕ್ಕೆ ಒಪ್ಪುತ್ತಿಲ್ಲ, "ಆಂಟಿ ಬೇಜಾರು ಮಾಡಿಕೊಳ್ತಾರೆ" ಅಂತ. ಕರಾರು ಪತ್ರದ ವಿಷಯ ಯಜಮಾನರು ಭಾನುವಾರ ಓನರ್ ಹತ್ತಿರ ಮಾತಾಡುತ್ತಾರೆ.

ಕೌಂಟರ್_4
ಭಾನುವಾರ ಚೀಟಿ ಕೂಗುವ ದಿನ ಅಲ್ವಾ? ಶನಿವಾರ ಮಾತಾಡಲಿ.